ಮಜ್ಜೆಯ ಪರೀಕ್ಷೆ: ಎಲ್ಲಿ ಚುಚ್ಚುತ್ತಾರೆ, ಯಾವಾಗ ನೋಯುತ್ತದೆ, ಎಷ್ಟು ಹೊತ್ತು

(ರೋಗಿಗಳಿಗೂ ಅವರ ಮನೆಯವರಿಗೂ ಕೊಟ್ಟ ಒಂದು ಉಪನ್ಯಾಸದ ಬರಹ ರೂಪ. ಮಾತಿನಲ್ಲಿ ಬಂದದ್ದನ್ನು ಅಲ್ಲಲ್ಲಿ ತಿದ್ದಿದ್ದೇನೆ. ಸಭೆಯಲ್ಲಿ ಕೇಳಿದ ಪ್ರಶ್ನೆಗಳನ್ನು ಬಂದ ಕಡೆಯೇ ಇಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನಾನು ಪೆಥಾಲಜಿಸ್ಟ್. ಅಂದರೆ ನಿಮ್ಮ ಮಜ್ಜೆಯನ್ನು ತೆಗೆಯುವುದೂ ನಾನೇ, ಆಮೇಲೆ ಮೈಕ್ರೋಸ್ಕೋಪಿನಲ್ಲಿ ನೋಡುವುದೂ ನಾನೇ. ಎಲ್ಲ ಆಸ್ಪತ್ರೆಯಲ್ಲೂ ಹೀಗಿರುವುದಿಲ್ಲ. ಕೆಲವು ಕಡೆ ರಕ್ತದ ಕಾಯಿಲೆ ನೋಡುವ ಹೆಮಟಾಲಜಿ ಡಾಕ್ಟರ್ ತೆಗೆಯುತ್ತಾರೆ, ಪೆಥಾಲಜಿಯವರು ನೋಡುತ್ತಾರೆ.

ಇಲ್ಲಿ ಕೂತಿರುವವರಲ್ಲಿ ಕೆಲವರಿಗೆ ನಾಳೆಯೋ ನಾಡಿದ್ದೋ ಈ ಪರೀಕ್ಷೆ ಇದೆ ಅಂತ ಹೇಳಿದರು. ಹಾಗಾಗಿ ಸುತ್ತಿ ಬಳಸಿ ಮಾತಾಡುವುದಿಲ್ಲ. ನೋಯುತ್ತದಾ ಅಂತ ತಾನೇ ನಿಮ್ಮ ಪ್ರಶ್ನೆ? ಹೌದು, ಸ್ವಲ್ಪ ನೋಯುತ್ತದೆ. ಆದರೆ ಉದ್ದಕ್ಕೂ ನೋಯುವುದಿಲ್ಲ. ನೋಯುವ ಗಳಿಗೆಗಳು ಯಾವುವು, ಒಂದೊಂದೂ ಎಷ್ಟು ಹೊತ್ತು, ಯಾವುದಕ್ಕೆ ಮದ್ದಿದೆ, ಯಾವುದಕ್ಕೆ ಇಲ್ಲ ಅನ್ನುವುದನ್ನು ಮೊದಲೇ ಹೇಳಬಹುದು. ಅದನ್ನು ಹೇಳದೆ "ಏನೂ ಆಗಲ್ಲ, ಇರುವೆ ಕಚ್ಚಿದ ಹಾಗೆ" ಅಂತ ಹೇಳಿ ಮಲಗಿಸುವುದು ನನಗೆ ಸರಿ ಕಾಣುವುದಿಲ್ಲ. ಇರುವೆ ಅಂತ ನಂಬಿ ಮಲಗಿದವರಿಗೆ ಮುಂದೆ ನಾವು ಏನು ಹೇಳಿದರೂ ನಂಬಿಕೆ ಬರುವುದಿಲ್ಲ.

ಮಾತು ಸುಲಭವಾಗಲಿ ಅಂತ ಒಬ್ಬರ ಕಥೆ ಜೊತೆಗಿಟ್ಟುಕೊಳ್ಳೋಣ. ಶಾಂತಮ್ಮ ಅಂತ ಕರೆಯುತ್ತೇನೆ, ನಿಜವಾದ ಹೆಸರಲ್ಲ, ಗುರುತು ಸಿಗುವ ವಿವರಗಳನ್ನೂ ಬದಲಿಸಿದ್ದೇನೆ. ಐವತ್ತು ದಾಟಿದ ಹೆಂಗಸು. ಎರಡು ತಿಂಗಳಿಂದ ಸಂಜೆ ಹೊತ್ತಿಗೆ ಜ್ವರ, ಊಟ ಸೇರುತ್ತಿಲ್ಲ, ಸೀರೆ ಕುಪ್ಪಸ ಎಲ್ಲ ಸಡಿಲ ಆಗಿದೆ. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 7.2, ಬಿಳಿ ರಕ್ತಕಣ 2,100, ಪ್ಲೇಟ್ಲೆಟ್ 62,000. ಮೂರೂ ಕಡಿಮೆ. ಗುಲ್ಮ ಸ್ವಲ್ಪ ದೊಡ್ಡದಾಗಿದೆ.

ಮೂರೂ ಒಟ್ಟಿಗೆ ಕಡಿಮೆ ಆದರೆ ಡಾಕ್ಟರಿಗೆ ಒಂದೇ ಒಂದು ಪ್ರಶ್ನೆ. ಈ ಕಣಗಳು ತಯಾರಾಗುವ ಜಾಗದಲ್ಲೇ ತೊಂದರೆಯಾ, ಅಥವಾ ತಯಾರಾಗಿ ಹೊರಗೆ ಬಂದ ಮೇಲೆ ನಾಶ ಆಗುತ್ತಿವೆಯಾ? ತಯಾರಾಗುವ ಜಾಗವೇ ಮಜ್ಜೆ, ಮೂಳೆಯ ಒಳಗಿರುವ ಮೆತ್ತನೆಯ ಭಾಗ. ಕೈಯಿಂದ ರಕ್ತ ತೆಗೆದು ಎಷ್ಟು ಪರೀಕ್ಷೆ ಮಾಡಿದರೂ ಅಲ್ಲಿ ಏನು ನಡೆಯುತ್ತಿದೆ ಅಂತ ಪೂರ್ತಿ ಗೊತ್ತಾಗುವುದಿಲ್ಲ. ಸ್ಕ್ಯಾನಿನಲ್ಲೂ ಗೊತ್ತಾಗುವುದಿಲ್ಲ. ಅಲ್ಲಿಂದಲೇ ಸ್ವಲ್ಪ ತೆಗೆದು ನೋಡಬೇಕು.

ಬಯಾಪ್ಸಿ ಅಂದ ಕೂಡಲೇ ಶಾಂತಮ್ಮನ ಮಗ "ಹಾಗಾದ್ರೆ ಕ್ಯಾನ್ಸರ್ ಅಂತ ಗೊತ್ತಾಗಿಬಿಟ್ಟಿದೆಯಾ ಮೇಡಂ?" ಅಂತ ಕೇಳಿದ. ಇಲ್ಲ. ಗೊತ್ತಿದ್ದರೆ ಯಾಕೆ ಮಾಡುತ್ತಿದ್ದೆವು? ಬಿ12 ಕೊರತೆಯಿಂದ ಹಿಡಿದು ಬಿಡದ ಜ್ವರದವರೆಗೆ ಹತ್ತಾರು ಕಾರಣಕ್ಕೆ ಮಜ್ಜೆ ನೋಡುತ್ತೇವೆ. ಕ್ಯಾನ್ಸರ್ ಕೂಡ ಆ ಪಟ್ಟಿಯಲ್ಲಿ ಇದೆ, ಇಲ್ಲ ಅಂತ ಸುಳ್ಳು ಹೇಳುವುದಿಲ್ಲ. ಆದರೆ ಪರೀಕ್ಷೆ ಬರೆದುಕೊಟ್ಟರು ಅಂದ ಮಾತ್ರಕ್ಕೆ ಉತ್ತರ ಬಂದಾಯಿತು ಅಂತಲ್ಲ.

ಬೆನ್ನುಹುರಿ ಅಲ್ಲ

ಇದನ್ನು ಮೊದಲೇ ಇತ್ಯರ್ಥ ಮಾಡಿಬಿಡೋಣ. ಏಕೆಂದರೆ ಊರಲ್ಲಿ ಓಡಾಡುವ ಭಯದಲ್ಲಿ ಮುಕ್ಕಾಲು ಪಾಲು ಇದೇ. "ಬೆನ್ನಿಗೆ ಸೂಜಿ ಹಾಕ್ತಾರಂತೆ, ನರಕ್ಕೆ ತಗುಲಿದ್ರೆ ಕಾಲು ಹೋಗುತ್ತಂತೆ." ಶಾಂತಮ್ಮನಿಗೂ ಪಕ್ಕದ ಮನೆಯವರು ಇದನ್ನೇ ಹೇಳಿ ಕಳಿಸಿದ್ದರು.

ಬೆನ್ನಿನ ಮಧ್ಯದಲ್ಲಿ ಸೂಜಿ ಹಾಕಿ ನೀರು ತೆಗೆಯುವ ಪರೀಕ್ಷೆ ಬೇರೆ. ಅದು ಮಿದುಳಿನ ಜ್ವರದಂಥ ಕಾಯಿಲೆಗಳಿಗೆ ಮಾಡುವುದು. ಇದು ಸೊಂಟದ ಮೂಳೆಯ ಪರೀಕ್ಷೆ. ನಿಮ್ಮ ಕೈಯನ್ನು ಸೊಂಟದ ಹಿಂದೆ ಇಟ್ಟು ಕೆಳಗೆ ಜಾರಿಸಿ. ಬೆನ್ನು ಮುಗಿದು ಕುಂಡಿ ಶುರುವಾಗುವ ಕಡೆ, ನಡುಗೆರೆಯ ಎಡಕ್ಕೊಂದು ಬಲಕ್ಕೊಂದು ಸಣ್ಣ ಕುಳಿ ಇರುತ್ತದೆ. ತೆಳ್ಳಗಿರುವವರಲ್ಲಿ ಕಣ್ಣಿಗೇ ಕಾಣುತ್ತದೆ. ಅಲ್ಲಿ ಒತ್ತಿದರೆ ಗಟ್ಟಿಯಾಗಿ ಒಂದು ಮೂಳೆಯ ಉಬ್ಬು ಸಿಗುತ್ತದೆ. ಅದೇ ಜಾಗ. ಚರ್ಮದಿಂದ ಹೆಚ್ಚು ಆಳವಿಲ್ಲ, ಮೂಳೆ ಅಗಲವಾಗಿದೆ, ಒಳಗೆ ಮಜ್ಜೆ ಧಾರಾಳ.

ಬೆನ್ನುಹುರಿ ಅನ್ನುವುದು ದೊಡ್ಡವರಲ್ಲಿ ಬೆನ್ನುಮೂಳೆಯ ಸೊಂಟದ ಭಾಗದ ಮೊದಲ ಅಥವಾ ಎರಡನೇ ಮಣಿಯ ಮಟ್ಟದಲ್ಲೇ ಮುಗಿದುಹೋಗುತ್ತದೆ. ನಾವು ಚುಚ್ಚುವುದು ಅದಕ್ಕಿಂತ ಸಾಕಷ್ಟು ಕೆಳಗೆ, ಅದೂ ಪಕ್ಕದಲ್ಲಿ. ಸೂಜಿಯ ಮೊನೆ ಹೊರಗಡೆಗೆ, ಸೊಂಟದ ಮುಂಭಾಗದ ಉಬ್ಬಿನ ಕಡೆಗೆ ತಿರುಗಿರುತ್ತದೆ. ಬೆನ್ನುಮೂಳೆಯ ಕಡೆಗೆ ಅಲ್ಲ. ಶಾಂತಮ್ಮನಿಗೆ ಇದನ್ನು ಬಾಯಲ್ಲಿ ಹೇಳಿದಾಗ ತಲೆ ಆಡಿಸಿದರು, ಆದರೆ ಮುಖದಲ್ಲಿ ಏನೂ ಬದಲಾಗಲಿಲ್ಲ. ಅವರ ಬೆರಳನ್ನೇ ಹಿಡಿದು ಆ ಉಬ್ಬಿನ ಮೇಲೆ ಇಟ್ಟು "ಇಲ್ಲಿ ಅಮ್ಮ, ಇಷ್ಟೇ ಜಾಗ" ಅಂದ ಮೇಲೆ "ಓ, ಕೂತ್ಕೊಳ್ಳೋ ಕಡೇನಾ" ಅಂತ ನಕ್ಕರು. ಪೂರ್ತಿ ಕೂತ್ಕೊಳ್ಳೋ ಕಡೆ ಅಲ್ಲ, ಸ್ವಲ್ಪ ಮೇಲೆ. ಆದರೂ ಇರಲಿ ಅಂತ ನಾನು ತಿದ್ದಲಿಲ್ಲ.

ಮಲಗುವ ಮೊದಲು

ಸಾಮಾನ್ಯವಾಗಿ ಉಪವಾಸ ಬೇಡ. ಬರೀ ಜಾಗ ಮರಗಟ್ಟಿಸಿ ಮಾಡುವುದಾದರೆ ತಿಂಡಿ ತಿಂದುಕೊಂಡೇ ಬನ್ನಿ. ಹೊಟ್ಟೆ ಖಾಲಿ ಇದ್ದು ಹೆದರಿಕೆಯೂ ಸೇರಿದರೆ ತಲೆ ಸುತ್ತುವುದೇ ಜಾಸ್ತಿ. ನಿದ್ದೆ ಬರಿಸಿ ಮಾಡುತ್ತಾರೆ ಅಂತಾದರೆ ಮಾತ್ರ ಹೊಟ್ಟೆ ಖಾಲಿ ಇರಬೇಕು. ಯಾವುದು ಅಂತ ಹಿಂದಿನ ದಿನವೇ ಕೇಳಿಕೊಳ್ಳಿ.

ಇನ್ನು ಮಾತ್ರೆಗಳ ವಿಷಯ. ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುತ್ತಿದ್ದರೆ ಹೇಳಲೇಬೇಕು. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು, ವಾಲ್ವ್ ಬದಲಾಯಿಸಿಕೊಂಡವರು, ಕಾಲಿನ ರಕ್ತನಾಳದಲ್ಲಿ ಗಡ್ಡೆ ಕಟ್ಟಿದ್ದವರು ಇದನ್ನು ಮರೆಯಬೇಡಿ. ಹಾಗಂತ ನೀವೇ ನಿಲ್ಲಿಸಿಕೊಂಡು ಬರಬೇಡಿ. ಸ್ಟೆಂಟ್ ಇದ್ದವರು ಸುಮ್ನೆ ಮಾತ್ರೆ ಬಿಟ್ಟರೆ ಈ ಸೂಜಿಗಿಂತ ದೊಡ್ಡ ಅಪಾಯ ಅದು. ನಿಲ್ಲಿಸಬೇಕಾ, ಎಷ್ಟು ದಿನ ಅಂತ ಹೃದಯದ ಡಾಕ್ಟರೂ ನಮ್ಮವರೂ ಮಾತಾಡಿಕೊಂಡು ಹೇಳುತ್ತಾರೆ.

ಶಾಂತಮ್ಮನನ್ನು "ಏನಾದ್ರೂ ಮಾತ್ರೆ ತಗೊಳ್ತೀರಾ?" ಅಂದರೆ "ಏನೂ ಇಲ್ಲ" ಅಂದರು. "ಮಂಡಿ ನೋವಿಗೆ?" ಅಂತ ಕೇಳಿದ ಮೇಲೆ ಪರ್ಸಿನಿಂದ ಒಂದು ಮಾತ್ರೆ ಸ್ಟ್ರಿಪ್ ತೆಗೆದರು, ಮೆಡಿಕಲ್ ಶಾಪಿನಲ್ಲಿ ಕೇಳಿ ತಗೊಂಡ ನೋವಿನ ಮಾತ್ರೆ, ಅರ್ಧ ಖಾಲಿ. ಡೈಕ್ಲೋಫಿನಾಕ್. ಅದು ರಕ್ತ ನಿಲ್ಲಿಸುವ ಪ್ಲೇಟ್ಲೆಟ್‌ಗಳ ಕೆಲಸಕ್ಕೆ ಅಡ್ಡ ಬರುತ್ತದೆ. ಇವರಲ್ಲಿ ಪ್ಲೇಟ್ಲೆಟ್ ಮೊದಲೇ ಕಡಿಮೆ. ನಿಲ್ಲಿಸಿ ಅಂದೆವು. ಇದು ಡಾಕ್ಟರ್ ಬರೆದುಕೊಟ್ಟ ಮಾತ್ರೆ ಅಲ್ಲವಲ್ಲ, ಹೇಳಬೇಕು ಅಂತ ಅವರಿಗೆ ಅನಿಸಿಯೇ ಇರಲಿಲ್ಲ. ನೀವು ತಗೊಳ್ಳುವುದನ್ನೆಲ್ಲ, ಕಷಾಯದ ಪುಡಿ ಸಮೇತ, ಒಂದು ಕವರಿನಲ್ಲಿ ಹಾಕಿಕೊಂಡು ಬನ್ನಿ.

ಒಬ್ಬರು ಇಲ್ಲಿ ಕೈ ಎತ್ತಿ ಕೇಳಿದರು: "ಪ್ಲೇಟ್ಲೆಟ್ ಕಡಿಮೆ ಇದ್ರೆ ಚುಚ್ಚಬಾರದು ಅಲ್ವಾ?" ಹಾಗೇನಿಲ್ಲ. ಪ್ಲೇಟ್ಲೆಟ್ ಯಾಕೆ ಕಡಿಮೆ ಅಂತ ನೋಡುವುದಕ್ಕೇ ಎಷ್ಟೋ ಸಲ ಈ ಪರೀಕ್ಷೆ ಮಾಡುವುದು. ಮೂಳೆ ಚರ್ಮಕ್ಕೆ ಹತ್ತಿರ ಇರುವುದರಿಂದ ಆಮೇಲೆ ಗಟ್ಟಿಯಾಗಿ ಒತ್ತಿ ಹಿಡಿದರೆ ರಕ್ತ ನಿಲ್ಲುತ್ತದೆ. ಕಡಿಮೆ ಇದ್ದವರಿಗೆ ಹೆಚ್ಚು ಹೊತ್ತು ಒತ್ತುತ್ತೇವೆ, ಅಷ್ಟೇ. ರಕ್ತ ಹೆಪ್ಪುಗಟ್ಟುವ ವ್ಯವಸ್ಥೆಯೇ ಕೆಟ್ಟಿದ್ದರೆ ಮಾತ್ರ ಮೊದಲು ಅದನ್ನು ಸರಿಮಾಡಿಕೊಳ್ಳುತ್ತೇವೆ.

ಮೊದಲ ನೋವು: ಉರಿ

ಒಂದು ಮಗ್ಗುಲಿಗೆ ಮಲಗಿಸುತ್ತಾರೆ. ಮೊಣಕಾಲು ಹೊಟ್ಟೆಯ ಕಡೆಗೆ ಮಡಚಿಕೊಳ್ಳಬೇಕು. ಕೆಲವು ಕಡೆ ಬೋರಲು ಮಲಗಿಸುತ್ತಾರೆ. ನಿಮಗೆ ಮಂಡಿಯೋ ಭುಜವೋ ನೋವಿದ್ದರೆ ಆಗಲೇ ಹೇಳಿ ದಿಂಬು ಇಡಿಸಿಕೊಳ್ಳಿ. ಅರ್ಧಕ್ಕೆ ಬಂದಾಗ ಮಗ್ಗುಲು ಬದಲಿಸುವುದಕ್ಕೆ ಆಗುವುದಿಲ್ಲ. ನಾನು ಆ ಉಬ್ಬನ್ನು ಬೆರಳಲ್ಲಿ ಹುಡುಕುತ್ತೇನೆ. ಸ್ವಲ್ಪ ಹೊತ್ತು ಹುಡುಕುತ್ತಿದ್ದರೆ ಗಾಬರಿ ಬೇಡ, ಅದು ಬೇಗ ಮುಗಿಸುವ ಕೆಲಸ ಅಲ್ಲ. ಆಮೇಲೆ ಅಯೋಡಿನ್ ಹಚ್ಚುತ್ತಾರೆ, ತಣ್ಣಗಿರುತ್ತದೆ. ಹಸಿರು ಬಟ್ಟೆ ಹೊದಿಸುತ್ತಾರೆ.

ಆಮೇಲೆ ಮರಗಟ್ಟಿಸುವ ಮದ್ದು, ಲಿಗ್ನೋಕೇನ್. ಹಲ್ಲು ಕೀಳಿಸಿಕೊಂಡವರಿಗೆ ಇದು ಗೊತ್ತು. ತೀರಾ ಸಣ್ಣ ಸೂಜಿಯಲ್ಲಿ ಮೊದಲು ಚರ್ಮಕ್ಕೆ, ಆಮೇಲೆ ಸ್ವಲ್ಪ ಸ್ವಲ್ಪವೇ ಆಳಕ್ಕೆ. ಒಟ್ಟು ಐದರಿಂದ ಹತ್ತು ಎಂಎಲ್. ಮದ್ದು ಒಳಗೆ ಹೋಗುವಾಗ ಚೆನ್ನಾಗಿಯೇ ಉರಿಯುತ್ತದೆ. ಹತ್ತಿಪ್ಪತ್ತು ಸೆಕೆಂಡ್. ಇದು ಮೊದಲ ನೋವು.

ಇಲ್ಲಿ ನನ್ನ ಕಡೆಯ ಒಂದು ಗುಟ್ಟು ಹೇಳುತ್ತೇನೆ. ನಮಗೆ ಮುಖ್ಯವಾಗಿ ಮರಗಟ್ಟಿಸಬೇಕಾದದ್ದು ಚರ್ಮ ಅಲ್ಲ, ಮೂಳೆಯ ಮೇಲಿರುವ ತೆಳುವಾದ ಪೊರೆ. ನೋವಿನ ನರಗಳು ಅಲ್ಲಿ ತುಂಬಾ ಇರುತ್ತವೆ. ಅದಕ್ಕೇ ಸೂಜಿಯನ್ನು ಮೂಳೆಗೆ ತಾಗಿಸಿ, ಒಂದೇ ಕಡೆ ಅಲ್ಲ, ಒಂದು ರೂಪಾಯಿ ನಾಣ್ಯದಷ್ಟು ಅಗಲದಲ್ಲಿ ಐದಾರು ಕಡೆ ಮದ್ದು ಬಿಡುತ್ತೇವೆ. ಆಮೇಲೆ ಮೂರರಿಂದ ಐದು ನಿಮಿಷ ಕಾಯಬೇಕು. ಪರೀಕ್ಷೆ ತುಂಬಾ ನೋಯಿತು ಅಂತ ಹೇಳುವವರಲ್ಲಿ ಎಷ್ಟೋ ಜನರಿಗೆ ಆಗಿದ್ದು ಇಷ್ಟೇ: ಪೊರೆಗೆ ಮದ್ದು ಸರಿಯಾಗಿ ಬಿದ್ದಿರಲಿಲ್ಲ, ಇಲ್ಲವೇ ಬಿದ್ದರೂ ಕಾಯಲಿಲ್ಲ. ಹೊರಗೆ ಇಪ್ಪತ್ತು ಜನ ಕಾಯುತ್ತಿದ್ದಾಗ ಐದು ನಿಮಿಷ ಸುಮ್ಮನೆ ನಿಲ್ಲುವುದು ಯಾವ ಡಾಕ್ಟರಿಗೂ ಕಷ್ಟವೇ.

ಕಾದ ಮೇಲೆ ಸೂಜಿಯ ತುದಿಯಲ್ಲಿ ಮೂಳೆಯನ್ನು ಮುಟ್ಟಿ ಕೇಳುತ್ತೇವೆ: "ಚುಚ್ಚಿದ ಹಾಗಿದೆಯಾ, ಬರೀ ಒತ್ತಿದ ಹಾಗಿದೆಯಾ?" ಇಲ್ಲಿ ದಯವಿಟ್ಟು ಧೈರ್ಯ ತೋರಿಸಬೇಡಿ. ಚುಚ್ಚಿದ ಹಾಗಿದ್ದರೆ ಚುಚ್ಚುತ್ತಿದೆ ಅನ್ನಿ. ಇನ್ನೆರಡು ಎಂಎಲ್ ಹಾಕಿ ಮತ್ತೆ ಕಾಯಬಹುದು. ಒತ್ತಿದ ಹಾಗೆ ಅನಿಸುವುದು ಸರಿಯೇ. ಲಿಗ್ನೋಕೇನ್ ಚುರುಕು ನೋವನ್ನು ತೆಗೆಯುತ್ತದೆ, ಒತ್ತಡವನ್ನು ತೆಗೆಯುವುದಿಲ್ಲ.

ಎರಡನೇ ನೋವು: ಎಳೆತ

ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಏಕೆಂದರೆ ಮದ್ದು ತಲುಪದ ಜಾಗ ಇದೊಂದೇ.

ಈಗ ದಪ್ಪ ಸೂಜಿ ಬರುತ್ತದೆ. ಒಳಗೆ ಒಂದು ಕಡ್ಡಿ ಇರುತ್ತದೆ, ಮೇಲೆ ಹಿಡಿ. ಅದನ್ನು ಅತ್ತಿತ್ತ ತಿರುಗಿಸುತ್ತಾ ಒತ್ತಿದರೆ ಮೂಳೆಯ ಹೊರಗಿನ ಗಟ್ಟಿ ಪದರ ದಾಟಿ ಒಳಗೆ ಹೋಗುತ್ತದೆ. ನಿಮಗೆ ಯಾರೋ ಬಲವಾಗಿ ಸೊಂಟವನ್ನು ದಬ್ಬಿದ ಹಾಗೆ ಆಗುತ್ತದೆ, ಕೆಲವರಿಗೆ ಕಿರ್ ಅಂತ ಒಂದು ಸದ್ದು ಮೈಯೊಳಗಿಂದ ಕೇಳಿದ ಹಾಗೆ ಆಗುತ್ತದೆ. ಮೂಳೆ ಮುರಿದ ಸದ್ದಲ್ಲ ಅದು. ವಯಸ್ಸಿನ ಹುಡುಗರ ಮೂಳೆ ಗಟ್ಟಿ, ಅವರಲ್ಲಿ ಜಾಸ್ತಿ ಬಲ ಹಾಕಬೇಕಾಗುತ್ತದೆ. ಡಾಕ್ಟರ್ ಬೆವರುತ್ತಿದ್ದಾರೆ ಅಂದರೆ ಏನೋ ಕೆಟ್ಟಿದೆ ಅಂತಲ್ಲ.

ಸೂಜಿ ಒಳಗೆ ನಿಂತ ಮೇಲೆ ಒಳಗಿನ ಕಡ್ಡಿ ತೆಗೆದು ಸಿರಿಂಜ್ ಸಿಕ್ಕಿಸುತ್ತೇವೆ. ಆಮೇಲೆ ಒಂದೇ ಸಲಕ್ಕೆ ಜೋರಾಗಿ ಎಳೆಯುತ್ತೇವೆ. ಆಗ ಮೂಳೆಯ ಒಳಗೆ ಇದ್ದಕ್ಕಿದ್ದಂತೆ ಒತ್ತಡ ಇಳಿಯುತ್ತದೆ. ಮೂಳೆಯ ಒಳಭಾಗಕ್ಕೆ ಲಿಗ್ನೋಕೇನ್ ಹೋಗಿರುವುದಿಲ್ಲ, ಹಾಕುವುದಕ್ಕೂ ಆಗುವುದಿಲ್ಲ. ಹಾಗಾಗಿ ಈ ಎಳೆತ ಗೊತ್ತಾಗುತ್ತದೆ. ಒಳಗಿನಿಂದ ಏನೋ ಸೆಳೆದ ಹಾಗೆ, ಕೆಲವರಿಗೆ ತೊಡೆಯ ಹಿಂದಿನಿಂದ ಮಂಡಿಯವರೆಗೂ ಝುಂ ಅಂತ ಇಳಿದ ಹಾಗೆ. ಕೆಲವೇ ಸೆಕೆಂಡ್. ಸಿರಿಂಜ್ ಎಳೆಯುವುದು ನಿಂತ ಕೂಡಲೇ ಇದೂ ನಿಲ್ಲುತ್ತದೆ. ಕಾಲಿಗೆ ಇಳಿದ ಹಾಗೆ ಆದರೂ ನರಕ್ಕೆ ತಗುಲಿದೆ ಅಂತಲ್ಲ, ಮಜ್ಜೆಯ ನೋವು ಹಾಗೆಯೇ ಹರಡುತ್ತದೆ.

ಎಳೆಯುವ ಮೊದಲು ಹೇಳಿ ಅಂತ ನೀವು ಕೇಳಿಕೊಳ್ಳಬಹುದು. ನಾನಂತೂ ಕೇಳದಿದ್ದರೂ ಹೇಳುತ್ತೇನೆ: "ಅಮ್ಮ, ಈಗ ಎಳೀತೀನಿ, ಬಾಯಿಂದ ಉದ್ದಕ್ಕೆ ಉಸಿರು ಬಿಡಿ." ಬಿಡುವ ಉಸಿರು ಮುಗಿಯುವಷ್ಟರಲ್ಲಿ ಎಳೆತವೂ ಮುಗಿದಿರುತ್ತದೆ. ಉಸಿರು ಬಿಗಿಹಿಡಿದರೆ ಮೈಯೆಲ್ಲ ಸೆಟೆಯುತ್ತದೆ, ಆಗ ಜಾಸ್ತಿ ಅನಿಸುತ್ತದೆ. ಕೂಗಬೇಕು ಅನಿಸಿದರೆ ಕೂಗಿ, ನಮಗೇನೂ ಬೇಜಾರಿಲ್ಲ. ಸೊಂಟ ಅಲುಗಿಸಬೇಡಿ, ಅಷ್ಟೇ.

ಮೊದಲ ಎಳೆತದಲ್ಲಿ ತೆಗೆಯುವುದು ಬರೀ ಅರ್ಧ ಎಂಎಲ್, ಅದಕ್ಕಿಂತಲೂ ಸ್ವಲ್ಪ ಕಡಿಮೆಯೇ. ಯಾಕೆ ಇಷ್ಟು ಜಿಪುಣತನ ಅಂದರೆ, ಜಾಸ್ತಿ ಎಳೆದರೆ ಸುತ್ತಲಿನ ರಕ್ತ ನುಗ್ಗಿ ಬಂದು ಮಜ್ಜೆ ತೆಳುವಾಗುತ್ತದೆ, ಆಮೇಲೆ ನಾನು ಮೈಕ್ರೋಸ್ಕೋಪಿನಲ್ಲಿ ನೋಡುವುದು ಮಜ್ಜೆಯನ್ನಲ್ಲ, ಕೈಯಿಂದ ತೆಗೆಯಬಹುದಾಗಿದ್ದ ರಕ್ತವನ್ನೇ. ಎಳೆದ ದ್ರವವನ್ನು ಪಕ್ಕದಲ್ಲೇ ನಿಂತಿರುವ ಟೆಕ್ನಿಷಿಯನ್ ಗಾಜಿನ ಸ್ಲೈಡಿನ ಮೇಲೆ ಬಿಟ್ಟು ಓರೆ ಮಾಡುತ್ತಾರೆ. ರಕ್ತ ಕೆಳಗೆ ಹರಿದು ಹೋಗುತ್ತದೆ, ನಮಗೆ ಬೇಕಾದದ್ದು ರವೆಯ ಕಾಳಿನ ಹಾಗೆ ಹೊಳೆಯುತ್ತಾ ಗಾಜಿಗೆ ಅಂಟಿಕೊಂಡು ಉಳಿಯುತ್ತದೆ. ಆ ಕಾಳುಗಳು ಕಂಡರೆ ಮಜ್ಜೆ ಬಂದಿದೆ ಅಂತ. ಕಾಣದಿದ್ದರೆ ಇನ್ನೊಂದು ಸಲ.

ಶಾಂತಮ್ಮನಿಗೆ ಮೊದಲ ಸಲ ಕಾಳು ಕಾಣಲಿಲ್ಲ. ಟೆಕ್ನಿಷಿಯನ್ ತಲೆ ಅಲ್ಲಾಡಿಸಿದರು. ಸೂಜಿಯನ್ನು ಸ್ವಲ್ಪ ಸರಿಸಿ ಮತ್ತೆ ಎಳೆಯಬೇಕಾಯಿತು. "ಯಾಕೆ, ಏನಾಯ್ತು?" ಅಂತ ಅವರ ದನಿ ಏರಿತು. ಮಲಗಿದವರಿಗೆ ನಮ್ಮ ಮುಖ ಕಾಣುವುದಿಲ್ಲ, ಮೌನ ಮಾತ್ರ ಕೇಳಿಸುತ್ತದೆ, ಹಾಗಾಗಿ ಅವರು ಕೆಟ್ಟದ್ದನ್ನೇ ಊಹಿಸುತ್ತಾರೆ. "ರಕ್ತ ಬಂತು ಅಮ್ಮ, ಮಜ್ಜೆ ಬರಲಿಲ್ಲ, ಸೂಜಿ ಸ್ವಲ್ಪ ಸರಿಸ್ತೀನಿ" ಅಂದ ಮೇಲೆ ಸುಮ್ಮನಾದರು. ಎರಡನೇ ಸಲ ಬಂತು.

ಕೆಲವರಲ್ಲಿ ಎಷ್ಟು ಎಳೆದರೂ ಏನೂ ಬರುವುದಿಲ್ಲ. ಮಜ್ಜೆಯಲ್ಲಿ ನಾರು ಬೆಳೆದಿದ್ದರೆ, ಅಥವಾ ಕಣಗಳು ತೀರಾ ಒತ್ತೊತ್ತಾಗಿ ತುಂಬಿದ್ದರೆ ಹೀಗಾಗುತ್ತದೆ. ಇದಕ್ಕೆ ಡ್ರೈ ಟ್ಯಾಪ್ ಅನ್ನುತ್ತೇವೆ. ಬರಲಿಲ್ಲ ಅನ್ನುವುದೂ ನಮಗೆ ಒಂದು ಸುಳಿವೇ. ಆಗ ಪದೇ ಪದೇ ಎಳೆಯುತ್ತಾ ಕೂರುವುದಕ್ಕಿಂತ ಮುಂದಿನ ಹಂತಕ್ಕೆ ಹೋಗುವುದು ಒಳ್ಳೆಯದು.

ಸ್ಲೈಡಿಗೆ ಸಿಕ್ಕ ಮೇಲೆ ಇನ್ನೊಂದೆರಡು ಸಲ ಕೆಲವು ಎಂಎಲ್ ತೆಗೆಯಬೇಕಾಗಬಹುದು, ಬೇರೆ ಪರೀಕ್ಷೆಗಳಿಗೆ. ಒಂದೊಂದು ಸಲಕ್ಕೂ ಅದೇ ಎಳೆತ. ಶಾಂತಮ್ಮನಿಗೆ ಜ್ವರ ಇದ್ದದ್ದರಿಂದ ಸ್ವಲ್ಪ ಮಜ್ಜೆಯನ್ನು ಟಿಬಿ ರೋಗಾಣು ಬೆಳೆಯುತ್ತದಾ ಅಂತ ನೋಡುವ ಕಲ್ಚರಿಗೂ ಕಳಿಸಿದೆವು. ಎಲ್ಲ ಸೇರಿಸಿದರೂ ಸಾಮಾನ್ಯವಾಗಿ ಹತ್ತು ಎಂಎಲ್ ದಾಟುವುದಿಲ್ಲ. "ಮಜ್ಜೆ ಖಾಲಿ ಆಗಲ್ವಾ?" ಅಂತ ಕೇಳುತ್ತಾರೆ. ದೊಡ್ಡವರ ಮೈಯಲ್ಲಿ ಮಜ್ಜೆ ಕಿಲೋ ಲೆಕ್ಕದಲ್ಲಿದೆ, ದಿನಾ ಹೊಸದಾಗಿ ಕಣ ತಯಾರಿಸುತ್ತಲೇ ಇರುತ್ತದೆ.

ಮೂರನೆಯದು: ಒತ್ತಿ ತಿರುಗಿಸುವುದು

ದ್ರವ ತೆಗೆದದ್ದಾಯಿತು. ಈಗ ಚೂರು. ನಿಜಕ್ಕೂ ಬಯಾಪ್ಸಿ ಅಂದರೆ ಇದೇ. ಇದಕ್ಕೆ ಬಳಸುವುದು ಜಮ್‌ಶೀದಿ ಸೂಜಿ. ಒಳಗೆ ಟೊಳ್ಳು, ತುದಿ ಸ್ವಲ್ಪ ಕಿರಿದು, ಹಾಗಾಗಿ ಒಳಗೆ ಹೋದ ಚೂರು ನಜ್ಜುಗುಜ್ಜಾಗದೆ ಉಳಿಯುತ್ತದೆ. ಸುಮಾರು ಹತ್ತು ಸೆಂಟಿಮೀಟರ್ ಉದ್ದ ಇರುತ್ತದೆ. ಅದನ್ನು ಟ್ರೇಯಲ್ಲಿ ನೋಡಿ ಎದ್ದು ಹೊರಟವರೂ ಇದ್ದಾರೆ. ಆದರೆ ಅಷ್ಟುದ್ದ ಮೂಳೆಯೊಳಗೆ ಹೋಗುವುದಿಲ್ಲ. ಚರ್ಮ, ಕೊಬ್ಬು ದಾಟುವುದಕ್ಕೇ ಅದರಲ್ಲಿ ಒಂದಷ್ಟು ಬೇಕು, ಕೈಯಲ್ಲಿ ಹಿಡಿಯುವುದಕ್ಕೆ ಒಂದಷ್ಟು. ಮೂಳೆಯೊಳಗೆ ಎರಡು ಮೂರು ಸೆಂಟಿಮೀಟರ್ ಮಾತ್ರ.

ಚರ್ಮದ ಅದೇ ತೂತಿನಿಂದ, ಆದರೆ ಮೂಳೆಯಲ್ಲಿ ಸ್ವಲ್ಪ ಪಕ್ಕಕ್ಕೆ ಹೋಗುತ್ತೇವೆ. ಎಳೆದ ಜಾಗದಲ್ಲೇ ಚೂರು ತೆಗೆದರೆ ಅಲ್ಲಿ ಬರೀ ರಕ್ತ ತುಂಬಿರುತ್ತದೆ. ತಿರುಗಿಸುತ್ತಾ ಒತ್ತುತ್ತಾ ಒಳಗೆ ಹೋಗಿ, ಆಮೇಲೆ ಸುತ್ತಿ ಸುತ್ತಿ ಚೂರನ್ನು ಬುಡದಿಂದ ಬಿಡಿಸಿ ಹೊರಗೆ ತರುತ್ತೇವೆ. ಈ ಬಿಡಿಸುವಾಗ ಒಂದು ಮಂದ ನೋವು ಇರುತ್ತದೆ, ಎಳೆತದಷ್ಟು ಚುರುಕಲ್ಲ, ಆದರೆ ಹೊತ್ತು ಸ್ವಲ್ಪ ಜಾಸ್ತಿ, ಒಂದೆರಡು ನಿಮಿಷ. ಸಿಗುವ ಚೂರು ಎರಡು ಮಿಲಿಮೀಟರ್ ದಪ್ಪ, ಒಂದೂವರೆ ಎರಡು ಸೆಂಟಿಮೀಟರ್ ಉದ್ದ. ಅದಕ್ಕಿಂತ ಗಿಡ್ಡ ಬಂದರೆ, ಅಥವಾ ಬರೀ ಗಟ್ಟಿ ಮೂಳೆಯೇ ಬಂದರೆ ಇನ್ನೊಂದು ಸಲ ಪ್ರಯತ್ನಿಸುತ್ತೇವೆ. ಆಗ ಬೇಸರ ಮಾಡಿಕೊಳ್ಳಬೇಡಿ. ಸಾಲದ ಚೂರು ಇಟ್ಟುಕೊಂಡು ಹದಿನೈದು ದಿನ ಆದ ಮೇಲೆ ನಿಮ್ಮನ್ನು ಮತ್ತೆ ಕರೆಸುವುದಕ್ಕಿಂತ ಅದು ಮೇಲು.

ಒಟ್ಟು ಹೊತ್ತು? ಮಲಗುವುದರಿಂದ ಬ್ಯಾಂಡೇಜಿನವರೆಗೆ ಸುಮಾರು ಅರ್ಧ ಗಂಟೆ. ಅದರಲ್ಲಿ ಹೆಚ್ಚಿನದು ಹುಡುಕುವುದು, ಒರೆಸುವುದು, ಕಾಯುವುದು.

ಸಭೆಯಲ್ಲಿ ಒಬ್ಬ ಹುಡುಗಿ ಕೇಳಿದಳು: "ಪೂರ್ತಿ ನಿದ್ದೆ ಬರಿಸಿ ಮಾಡಿ ಅಂತ ಕೇಳಬಹುದಾ?" ಕೇಳಬಹುದು. ಮಕ್ಕಳಿಗೆ ಹೆಚ್ಚಾಗಿ ಹಾಗೆಯೇ ಮಾಡುವುದು. ದೊಡ್ಡವರಿಗೆ ಮಿಡಜೋಲಾಮ್‌ನಂಥ ಇಂಜೆಕ್ಷನ್ ಕೊಡಬಹುದು, ಮಂಪರು ಬರುತ್ತದೆ, ಆಮೇಲೆ ನಡೆದದ್ದು ಅಷ್ಟಾಗಿ ನೆನಪಿರುವುದಿಲ್ಲ. ಆದರೆ ಉಸಿರಾಟ ನೋಡಿಕೊಳ್ಳುವುದಕ್ಕೆ ಒಬ್ಬರು ಬೇಕು, ಆಕ್ಸಿಜನ್ ಬೇಕು, ಹೊಟ್ಟೆ ಖಾಲಿ ಇರಬೇಕು, ಮನೆಗೆ ಕರೆದುಕೊಂಡು ಹೋಗುವವರು ಬೇಕು. ಎಲ್ಲ ಕಡೆಯೂ ಈ ವ್ಯವಸ್ಥೆ ಇರುವುದಿಲ್ಲ. ನನ್ನನ್ನು ಕೇಳಿದರೆ, ಹಿಂದೊಮ್ಮೆ ತುಂಬಾ ನೋವು ತಿಂದವರು, ಯೋಚನೆಯಿಂದಲೇ ನಡುಗುವವರು ಸಂಕೋಚ ಬಿಟ್ಟು ಕೇಳಿಕೊಳ್ಳಲಿ. ಉಳಿದವರಿಗೆ ಲಿಗ್ನೋಕೇನ್ ಮತ್ತು ಐದು ನಿಮಿಷದ ತಾಳ್ಮೆ ಸಾಕು.

ಆಮೇಲೆ

ಸೂಜಿ ತೆಗೆದ ಮೇಲೆ ಹತ್ತಿ ಇಟ್ಟು ಗಟ್ಟಿಯಾಗಿ ಒತ್ತುತ್ತೇವೆ. ಹೊಲಿಗೆ ಬೇಡ. ಆಮೇಲೆ ಅಂಗಾತ ಮಲಗಿಸುತ್ತೇವೆ, ನಿಮ್ಮ ಮೈಭಾರವೇ ಆ ಜಾಗವನ್ನು ಒತ್ತಿ ಹಿಡಿಯಲಿ ಅಂತ. ಹದಿನೈದು ನಿಮಿಷದಿಂದ ಅರ್ಧ ಗಂಟೆ. ಶಾಂತಮ್ಮನನ್ನು ಒಂದು ಗಂಟೆ ಮಲಗಿಸಿದ್ದೆವು, ಪ್ಲೇಟ್ಲೆಟ್ ಕಡಿಮೆ, ಜೊತೆಗೆ ಆ ಮಾತ್ರೆ. ಡ್ರೆಸ್ಸಿಂಗ್ ಒಂದು ದಿನ ಒದ್ದೆ ಮಾಡಬೇಡಿ. ಆ ದಿನ ಭಾರ ಎತ್ತಬೇಡಿ, ಸ್ಕೂಟರ್ ಓಡಿಸಿಕೊಂಡು ಹೋಗಬೇಡಿ. ಲಿಗ್ನೋಕೇನ್ ಇಳಿದ ಮೇಲೆ ಎಲ್ಲೋ ಬಿದ್ದು ಪೆಟ್ಟು ಮಾಡಿಕೊಂಡ ಹಾಗೆ ಎರಡು ಮೂರು ದಿನ ನೋವಿರುತ್ತದೆ. ಪ್ಯಾರಸಿಟಮಾಲ್ ಸಾಕು. ಮೆಡಿಕಲ್ ಶಾಪಿನ ಆ ಇನ್ನೊಂದು ಮಾತ್ರೆ ಮಾತ್ರ ಬೇಡ.

ಅಪಾಯ ಎಷ್ಟು ಅಂತ ಕೇಳುವುದು ನಿಮ್ಮ ಹಕ್ಕು. ಬ್ರಿಟನ್ನಿನಲ್ಲಿ 1995ರಿಂದ 2001ರವರೆಗೆ ನಡೆದ ಸುಮಾರು 55,000 ಪರೀಕ್ಷೆಗಳನ್ನು ಲೆಕ್ಕ ಹಾಕಿದಾಗ ತೊಂದರೆ ಆಯಿತು ಅಂತ ವರದಿಯಾದದ್ದು 26 ಜನರಿಗೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ರಕ್ತಸ್ರಾವ, ಉಳಿದದ್ದರಲ್ಲಿ ಸೂಜಿ ಮುರಿದದ್ದು, ಸೋಂಕು ಇತ್ಯಾದಿ. ರಕ್ತಸ್ರಾವ ಅಪರೂಪಕ್ಕೆ ಜೀವಕ್ಕೆ ಕುತ್ತಾದದ್ದೂ ಇದೆ, ಮುಚ್ಚಿಡುವುದಿಲ್ಲ. ಹಾಗಾಗಿಯೇ ಮಾತ್ರೆಗಳ ಬಗ್ಗೆ ಅಷ್ಟು ಕೆದಕಿ ಕೇಳುವುದು.

ಮನೆಗೆ ಹೋದ ಮೇಲೆ ಹೊರಗೆ ಕಾಣುವ ರಕ್ತಕ್ಕಿಂತ ಒಳಗೆ ಸೋರುವ ರಕ್ತದ ಕಡೆ ಗಮನ ಇರಲಿ. ಡ್ರೆಸ್ಸಿಂಗಿನಲ್ಲಿ ಒಂದು ಚುಕ್ಕೆ ರಕ್ತ ಸಾಮಾನ್ಯ. ಡ್ರೆಸ್ಸಿಂಗ್ ಪೂರ್ತಿ ನೆನೆದರೆ ಹತ್ತು ನಿಮಿಷ ಬಿಡದೆ ಒತ್ತಿ ಹಿಡಿಯಿರಿ, ನಿಲ್ಲದಿದ್ದರೆ ಆಸ್ಪತ್ರೆಗೆ ಬನ್ನಿ. ನೋವು ದಿನದಿಂದ ದಿನಕ್ಕೆ ಇಳಿಯಬೇಕು. ಇಳಿಯುವ ಬದಲು ಏರುತ್ತಿದ್ದರೆ, ಕುಂಡಿ ಅಥವಾ ಸೊಂಟ ಊದಿಕೊಂಡರೆ, ತಲೆ ಸುತ್ತಿ ಬೆವರಿದರೆ, ಕಾಲಲ್ಲಿ ಜೋಮು ಅಥವಾ ಬಲ ಕಡಿಮೆ ಅನಿಸಿದರೆ ರಾತ್ರಿ ಎಷ್ಟು ಹೊತ್ತಾದರೂ ಬನ್ನಿ. ಹೊಸದಾಗಿ ಜ್ವರ, ಗಾಯದಲ್ಲಿ ಕೀವು ಕಂಡರೂ ಬನ್ನಿ. ಬೆಳಗಾಗಲಿ ಅಂತ ಕಾಯಬೇಡಿ.

ರಿಪೋರ್ಟ್ ಯಾಕೆ ತಡ

ಸೂಜಿಗಿಂತ ಕಾಯುವುದೇ ಕಷ್ಟ ಅಂತ ಎಷ್ಟೋ ಜನ ಹೇಳಿದ್ದಾರೆ. ತಡ ಯಾಕೆ ಅಂತ ಗೊತ್ತಿದ್ದರೆ ಸ್ವಲ್ಪ ಸಮಾಧಾನ. ಸ್ಲೈಡ್ ಮಾಡಿದ ದ್ರವಕ್ಕೆ ಬಣ್ಣ ಹಾಕಿ ಅದೇ ದಿನ ಅಥವಾ ಮಾರನೇ ದಿನ ನೋಡಬಹುದು. ಆದರೆ ಚೂರು ಮೂಳೆಯದ್ದು. ಅದನ್ನು ತೆಳ್ಳಗೆ ಕೊಯ್ದು ನೋಡಬೇಕು, ಒಂದು ಮಿಲಿಮೀಟರಿನಲ್ಲಿ ಇನ್ನೂರು ಮುನ್ನೂರು ಪದರ ಆಗುವಷ್ಟು ತೆಳ್ಳಗೆ. ಮೂಳೆಯ ಸುಣ್ಣದಂಶ ತೆಗೆಯದೆ ಕೊಯ್ದರೆ ಬ್ಲೇಡೂ ಹಾಳು, ಚೂರೂ ಹಾಳು. ಅದಕ್ಕೆ ಮೊದಲು ಫಾರ್ಮಲಿನ್, ಆಮೇಲೆ ಸುಣ್ಣ ಕರಗಿಸುವ ದ್ರಾವಣ, ಆಮೇಲೆ ಮೇಣದಲ್ಲಿ ಕೂರಿಸುವುದು. ಅವಸರ ಮಾಡಿ ಆಸಿಡ್ಡಿನಲ್ಲಿ ಜಾಸ್ತಿ ಇಟ್ಟರೆ ಕಣಗಳ ಬಣ್ಣವೇ ಸರಿಯಾಗಿ ಹಿಡಿಯುವುದಿಲ್ಲ. ಹಾಗಾಗಿ ನಾಲ್ಕೈದು ದಿನದಿಂದ ಒಂದು ವಾರ. ಕ್ರೋಮೋಸೋಮ್ ಪರೀಕ್ಷೆ ಕಳಿಸಿದ್ದರೆ ಎರಡು ಮೂರು ವಾರ. ತಡವಾಯಿತು ಅಂದರೆ ಕೆಟ್ಟ ಸುದ್ದಿ ಅಂತ ಅರ್ಥ ಮಾಡಿಕೊಳ್ಳಬೇಡಿ.

ಶಾಂತಮ್ಮನ ಮೊದಲ ರಿಪೋರ್ಟ್ ಎರಡನೇ ದಿನ ಬಂತು. ಲ್ಯುಕೇಮಿಯಾ, ಅಂದರೆ ರಕ್ತದ ಕ್ಯಾನ್ಸರಿನ ಕಣಗಳಿಲ್ಲ, ಮಜ್ಜೆ ಕೆಲಸ ಮಾಡುತ್ತಿದೆ, ಆದರೆ ಯಾಕೆ ಎಲ್ಲ ಕಡಿಮೆ ಅಂತ ಹೇಳುವುದಕ್ಕಾಗಲಿಲ್ಲ. ಮಗನಿಗೆ ಸಿಟ್ಟು ಬಂತು. "ಇಷ್ಟೆಲ್ಲ ಚುಚ್ಚಿ ಏನೂ ಗೊತ್ತಾಗಿಲ್ಲ ಅಂದ್ರೆ?" ಚೂರಿನ ರಿಪೋರ್ಟ್ ಬರಲಿ ಅಂದೆ. ಐದನೇ ದಿನ ಚೂರನ್ನು ನೋಡಿದಾಗ ಮಜ್ಜೆಯ ಮಧ್ಯೆ ಅಲ್ಲಲ್ಲಿ ಕಣಗಳು ಗುಂಪು ಗುಂಪಾಗಿ ಗಂಟು ಕಟ್ಟಿದ್ದವು. ಗ್ರಾನುಲೋಮಾ. ದ್ರವದಲ್ಲಿ ಇವು ಕಾಣುವುದು ತೀರಾ ಕಡಿಮೆ. ಸಿರಿಂಜಿಗೆ ಬರುವುದು ಬಿಡಿ ಬಿಡಿ ಕಣಗಳು, ಗಂಟು ಗಂಟಾಗಿಯೇ ಇರುವುದನ್ನು ನೋಡಬೇಕಾದರೆ ಚೂರೇ ಬೇಕು. ಎರಡೂ ಯಾಕೆ ತೆಗೆಯುತ್ತೀರಿ, ಒಂದರಲ್ಲೇ ಮುಗಿಸಬಾರದಾ ಅಂತ ಕೇಳುವವರಿಗೆ ನಾನು ಕೊಡುವ ಉತ್ತರ ಇದು.

ಗ್ರಾನುಲೋಮಾ ಇದ್ದ ಮಾತ್ರಕ್ಕೆ ಟಿಬಿ ಅಂತಲೇ ಹೇಳುವ ಹಾಗಿಲ್ಲ, ಬೇರೆ ಕಾಯಿಲೆಗಳಲ್ಲೂ ಬರುತ್ತದೆ. ಆದರೆ ನಮ್ಮ ದೇಶದಲ್ಲಿ, ಸಂಜೆ ಜ್ವರ ಮತ್ತು ತೂಕ ಇಳಿದವರಲ್ಲಿ, ಅದೇ ಮೊದಲ ಅನುಮಾನ. ಅವರ ಡಾಕ್ಟರ್ ಉಳಿದ ಪರೀಕ್ಷೆಗಳನ್ನೂ ಸೇರಿಸಿ ನೋಡಿ ಟಿಬಿ ಚಿಕಿತ್ಸೆ ಶುರು ಮಾಡಿದರು. ಕಲ್ಚರ್ ರಿಪೋರ್ಟ್ ಬರುವುದಕ್ಕೆ ಇನ್ನೂ ವಾರಗಟ್ಟಲೆ ಇತ್ತು, ಅಲ್ಲಿವರೆಗೆ ಕಾಯಲಿಲ್ಲ. ಆಮೇಲೆ ಅದರಲ್ಲೂ ಟಿಬಿ ಅಂತಲೇ ಬಂತು. ಜ್ವರ ಇಳಿಯಿತು, ತಿಂಗಳುಗಳಲ್ಲಿ ರಕ್ತದ ಮೂರೂ ಲೆಕ್ಕ ನಿಧಾನಕ್ಕೆ ಮೇಲೆ ಬಂದವು.

ಎಲ್ಲರದ್ದೂ ಟಿಬಿ ಆಗಿರುವುದಿಲ್ಲ, ಎಲ್ಲರದ್ದೂ ಹೀಗೆ ಸರಾಗವಾಗಿ ಮುಗಿಯುವುದಿಲ್ಲ. ಲ್ಯುಕೇಮಿಯಾ ಬಂದರೂ ಯಾವ ಬಗೆಯದ್ದು ಅಂತ ತಿಳಿಯದೆ ಔಷಧಿ ಬರೆಯುವುದಕ್ಕಾಗುವುದಿಲ್ಲ, ಅದನ್ನು ಹೇಳುವುದೂ ಇದೇ ಅರ್ಧ ಎಂಎಲ್ ಮತ್ತು ಇದೇ ಚೂರು.

ಕೊನೆಗೆ ಹಿರಿಯರೊಬ್ಬರು ಕೇಳಿದರು: "ಒಂದೇ ಸಲಾನಾ, ಮತ್ತೆ ಮತ್ತೆ ಮಾಡಿಸ್ತಾ ಇರಬೇಕಾ?" ಕಾಯಿಲೆ ನೋಡಿ. ಶಾಂತಮ್ಮನಿಗೆ ಇನ್ನೊಮ್ಮೆ ಬೇಕಾಗಲಿಲ್ಲ, ರಕ್ತ ಪರೀಕ್ಷೆಯೇ ಸಾಕಾಯಿತು. ಲ್ಯುಕೇಮಿಯಾ ಚಿಕಿತ್ಸೆಯಲ್ಲಿರುವವರಿಗೆ ಮದ್ದು ಕೆಲಸ ಮಾಡುತ್ತಿದೆಯಾ ಅಂತ ನೋಡಲು ಮತ್ತೆ ಬೇಕಾಗುತ್ತದೆ, ಆದರೆ ಆಗ ಎಷ್ಟೋ ಸಲ ದ್ರವ ಮಾತ್ರ ಸಾಕು, ಚೂರು ಬೇಡ. ಮತ್ತೆ ಮಾಡಿಸುವುದಾದರೆ ಹಿಂದಿನ ಸಲ ಯಾವ ಕಡೆ ಚುಚ್ಚಿದ್ದರು, ಎಷ್ಟು ಲಿಗ್ನೋಕೇನ್ ಬೇಕಾಯಿತು, ಯಾವಾಗ ಹೆಚ್ಚು ನೋಯಿತು ಅಂತ ಡಾಕ್ಟರಿಗೆ ಹೇಳಿ. ಇನ್ನೊಂದು ಕಡೆಯ ಮೂಳೆಯಲ್ಲಿ ಮಾಡಬಹುದು, ಮದ್ದು ಸ್ವಲ್ಪ ಜಾಸ್ತಿ ಹಾಕಿ ಇನ್ನೆರಡು ನಿಮಿಷ ಕಾಯಬಹುದು.